ಆಷಾಢ ಬರುವ ಮುಂಚೆ 13 ತಿಂಗಳ ಸ್ಟೇಟ್‌ಮೆಂಟ್

ಮದುವೆ ಫೋಟೋ ತೆಗೆಯುವವರಿಗೆ ಆಷಾಢ ಅಂದರೆ ರಜೆ. ಬೇಕಿಲ್ಲದಿದ್ದರೂ ರಜೆ. 2025ರಲ್ಲಿ ಆಷಾಢ ಜೂನ್ 26ಕ್ಕೆ ಶುರುವಾಗಿ ಜುಲೈ 24ಕ್ಕೆ ಮುಗಿಯಿತು. ಲೆಕ್ಕದಲ್ಲಿ ಇದು ಒಂದೇ ತಿಂಗಳು. ಆದರೆ ಅಡ್ವಾನ್ಸ್, ಮದುವೆ ದಿನದ ಹಣ, ಆಲ್ಬಮ್ ಕೊಟ್ಟ ಮೇಲೆ ಬಾಕಿ ಹಣ ಅಂತ ಮೂರು ಕಂತಿನಲ್ಲಿ ದುಡ್ಡು ಬರುವ ಕೆಲಸ ಇದು. ಒಂದು ತಿಂಗಳು ಮದುವೆ ನಿಂತರೆ ಬ್ಯಾಂಕ್ ಖಾತೆ ಎರಡು ತಿಂಗಳು ಒಣಗುತ್ತದೆ. ಶ್ರಾವಣದ ಮದುವೆಗಳ ಬಾಕಿ ಕೈಗೆ ಬರುವಷ್ಟರಲ್ಲಿ ಆಗಸ್ಟ್ ಕೊನೆ. ಕೆಲವು ವರ್ಷ ಇನ್ನೂ ಕಷ್ಟ. 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದು, ಜೂನ್ 19ರಿಂದ ಆಗಸ್ಟ್ 16ರವರೆಗೆ ಹೆಚ್ಚುಕಮ್ಮಿ ಎರಡು ತಿಂಗಳು ಮುಹೂರ್ತಗಳೇ ಇರಲಿಲ್ಲ.

ನಮ್ಮಣ್ಣನದು ಮೈಸೂರಿನಲ್ಲಿ ಒಂದು ಸಣ್ಣ ಸ್ಟುಡಿಯೋ. ಅವನ ಜೊತೆ ಒಬ್ಬ ಎಡಿಟರ್, ಲೈಟ್ ಹಿಡಿಯೋದರಿಂದ ಹಿಡಿದು ಡ್ರೋನ್ ಹಾರಿಸೋವರೆಗೆ ಎಲ್ಲಾ ಮಾಡುವ ಒಬ್ಬ ಅಸಿಸ್ಟೆಂಟ್ ಹುಡುಗ. 2025ರ ಮೇ ಕೊನೆಯಲ್ಲಿ ಅಣ್ಣ ಫೋನ್ ಮಾಡಿ, "ಹುಡುಗನಿಗೆ ಎರಡು ತಿಂಗಳು ಊರಿಗೆ ಹೋಗಿರು ಅಂತ ಹೇಳಬೇಕು ಅನ್ಸುತ್ತೆ ಕಣೋ. ಸಂಬಳ ಹದಿನಾರು ಸಾವಿರ, ಎರಡು ತಿಂಗಳಿಗೆ ಮೂವತ್ತೆರಡು. ಬೇರೆ ಎಲ್ಲಿ ಉಳಿಸೋದು ಹೇಳು?" ಅಂದ. ಒಮ್ಮೆ ಊರಿಗೆ ಹೋದ ಹುಡುಗ ನವೆಂಬರ್ ಸೀಸನ್‌ಗೆ ವಾಪಸ್ ಬರ್ತಾನೆ ಅನ್ನೋ ಗ್ಯಾರಂಟಿ ಇಲ್ಲ. ಬೇರೆ ಸ್ಟುಡಿಯೋದವರು ಅವನನ್ನ ಕಾಯ್ತಾ ಕೂತಿದ್ದಾರೆ ಅನ್ನೋದು ಇಬ್ಬರಿಗೂ ಗೊತ್ತಿತ್ತು. "ಬೇರೆ ಎಲ್ಲಿ" ಅನ್ನೋ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕೋಣ ಅಂತ ಒಂದು ಶನಿವಾರ, ಭಾನುವಾರ ಅಲ್ಲೇ ಕೂತೆವು.

ಮೊದಲು ಅಣ್ಣನ ಅಂದಾಜು ಬರೆದುಕೊಂಡೆ. ಬಾಡಿಗೆ 22,000, ಇಬ್ಬರ ಸಂಬಳ 40,000, ಕ್ಯಾಮೆರಾ ಸಾಲದ ಇಎಂಐ 11,400. ಈ ಮೂರನ್ನ ಬಾಯಿಪಾಠದ ಹಾಗೆ ಹೇಳಿದ. "ಮಿಕ್ಕಿದ್ದೆಲ್ಲ?" ಅಂತ ಕೇಳಿದರೆ, "ಕರೆಂಟು, ಇಂಟರ್ನೆಟ್ಟು, ಸಾಫ್ಟ್‌ವೇರು... ಒಂದು ಎಂಟು ಸಾವಿರ ಇಟ್ಕೋ" ಅಂದ. ದೊಡ್ಡ ಖರ್ಚು ಎಲ್ಲರಿಗೂ ನೆನಪಿರುತ್ತದೆ, ಸಣ್ಣದು ನೆನಪಿರುವುದಿಲ್ಲ. ಅದರಲ್ಲೂ ತಾನಾಗಿ ಕಟ್ ಆಗುವ ಸಣ್ಣದು ಸುತಾರಾಂ ನೆನಪಿರುವುದಿಲ್ಲ.

ಸ್ಟೇಟ್‌ಮೆಂಟ್ ತೆಗೆಯುವಾಗ ಒಂದು ವಿಷಯ ಗಮನಿಸಿ. ಮೂರು ತಿಂಗಳದು ಸಾಲದು, ಹನ್ನೆರಡು ತಿಂಗಳದೂ ಕೆಲವೊಮ್ಮೆ ಸಾಲದು. ವರ್ಷಕ್ಕೊಮ್ಮೆ ಕಟ್ ಆಗುವ ಹಣ ಪ್ರತಿ ವರ್ಷ ಅದೇ ತಾರೀಖಿಗೆ ಹೋಗುವುದಿಲ್ಲ, ನಾಲ್ಕು ದಿನ ಹಿಂದೆ ಮುಂದೆ ಆಗುತ್ತದೆ. 13 ತಿಂಗಳದು ತೆಗೆದರೆ ಯಾವುದೂ ಸಂದಿಯಲ್ಲಿ ಜಾರಿಹೋಗುವುದಿಲ್ಲ. ವರ್ಷದ ರಿನ್ಯೂವಲ್ ಎರಡು ಸಲ ಕಾಣಿಸಿಕೊಂಡರೆ ಈ ವರ್ಷ ಎಷ್ಟು ಏರಿಸಿದ್ದಾರೆ ಅನ್ನೋದೂ ಗೊತ್ತಾಗುತ್ತದೆ. ಅಣ್ಣನ ಕರೆಂಟ್ ಅಕೌಂಟ್, ಉಳಿತಾಯ ಖಾತೆ, ಒಂದು ಕ್ರೆಡಿಟ್ ಕಾರ್ಡ್ ಹೀಗೆ ಮೂರರದ್ದೂ ಇಳಿಸಿಕೊಂಡೆ. ಪಿಡಿಎಫ್ ಅಲ್ಲ, ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ ತೆಗೆದರೆ ಹುಡುಕಲು, ಸಾಲಾಗಿ ಜೋಡಿಸಲು ಆಗುತ್ತದೆ.

ಆಮೇಲೆ ವಿವರದ ಕಾಲಂನಲ್ಲಿ ಕೆಲವು ಪದ ಹುಡುಕಿದೆ: `NACH`, `ACH`, `ECS`, `MANDATE`, `AUTOPAY`, `SI`. ತಾನಾಗಿ ಹೋಗುವ ಹಣದಲ್ಲಿ ಹೆಚ್ಚಿನದು ಇವುಗಳಲ್ಲಿ ಸಿಗುತ್ತದೆ. ಉಳಿದದ್ದಕ್ಕೆ ಮೊತ್ತದ ಪ್ರಕಾರ ಜೋಡಿಸಿ ನೋಡಬೇಕು. ಒಂದೇ ಮೊತ್ತ ನಾಲ್ಕೈದು ಸಲ ಬಂದಿದ್ದರೆ ಅದು ಹೆಚ್ಚಾಗಿ ಮರುಕಳಿಸುವ ಖರ್ಚೇ. ಒಂದು ಜಾತಿ ಮಾತ್ರ ಹೀಗೆ ಸಿಗುವುದಿಲ್ಲ, ಅದು ವಿದೇಶಿ ಕಂಪನಿಗಳ ಚಂದಾ. ಡಾಲರ್‌ನಲ್ಲಿ ಬೆಲೆ ಇರುವುದರಿಂದ ಪ್ರತಿ ತಿಂಗಳೂ ರೂಪಾಯಿ ಮೊತ್ತ ಬೇರೆ ಬೇರೆ. ಅದರ ಮೇಲೆ ಕಾರ್ಡ್‌ನವರು ವಿದೇಶಿ ಕರೆನ್ಸಿ ಶುಲ್ಕ ಹಾಕಿ, ಆ ಶುಲ್ಕಕ್ಕೆ ಮತ್ತೆ ಜಿಎಸ್‌ಟಿ ಹಾಕಿ, ಅದನ್ನ ಇನ್ನೊಂದು ಸಾಲಿನಲ್ಲಿ ತೋರಿಸುತ್ತಾರೆ. ಅಣ್ಣನ ವಿಡಿಯೋಗಳಿಗೆ ಹಿನ್ನೆಲೆ ಸಂಗೀತ ಕೊಡುವ ಚಂದಾ ಹೀಗೆಯೇ ಅಡಗಿ ಕೂತಿತ್ತು. ಎಲ್ಲಾ ಸೇರಿ ತಿಂಗಳಿಗೆ 1,450 ಆಗುತ್ತಿತ್ತು, ಅಣ್ಣನ ತಲೆಯಲ್ಲಿ ಅದು "ಸಾವಿರದ ಒಳಗೆ" ಇತ್ತು.

ನಗದು ಖರ್ಚು ಯಾವ ಸ್ಟೇಟ್‌ಮೆಂಟಿನಲ್ಲೂ ಬರುವುದಿಲ್ಲ. ಅದಕ್ಕೆ ಸ್ಟುಡಿಯೋ ಬಾಗಿಲಿನಿಂದ ಶುರುಮಾಡಿ ಒಳಗಿನವರೆಗೆ ನಡೆದು, ಕಣ್ಣಿಗೆ ಬಿದ್ದ ಪ್ರತಿ ವಸ್ತುವಿಗೂ "ಇದಕ್ಕೆ ಯಾರಿಗಾದರೂ ದುಡ್ಡು ಹೋಗುತ್ತಾ?" ಅಂತ ಕೇಳುತ್ತಾ ಹೋದೆ. ನೀರಿನ ಕ್ಯಾನು, ಗುಡಿಸುವ ಅಮ್ಮ, ಪ್ರಿಂಟರ್‌ನ ವರ್ಷದ ಮೆಂಟೆನೆನ್ಸ್, ಗೋಡೆಯ ಮೇಲಿನ ಟ್ರೇಡ್ ಲೈಸೆನ್ಸ್, ಡ್ರಾಯರ್‌ನಲ್ಲಿ ಧೂಳು ಹಿಡಿದ ಕಾರ್ಡ್ ಸ್ವೈಪ್ ಮೆಷಿನ್.

ಎಲ್ಲವನ್ನೂ ಒಂದು ಶೀಟ್‌ಗೆ ಹಾಕಿ ತಿಂಗಳ ಲೆಕ್ಕಕ್ಕೆ ಇಳಿಸಿದೆ. C ಕಾಲಂನಲ್ಲಿ ಒಂದು ಸಲ ಕಟ್ಟುವ ಮೊತ್ತ, D ಕಾಲಂನಲ್ಲಿ ವರ್ಷಕ್ಕೆ ಎಷ್ಟು ಸಲ ಅನ್ನೋದು. ತಿಂಗಳಿಗೊಮ್ಮೆಯಾದರೆ 12, ಮೂರು ತಿಂಗಳಿಗೊಮ್ಮೆಯಾದರೆ 4, ವರ್ಷಕ್ಕೊಮ್ಮೆಯಾದರೆ 1. E ಕಾಲಂನಲ್ಲಿ ತಿಂಗಳ ಪಾಲು:

```
=ROUND(C2*D2/12,0)
```

ಮೊತ್ತ ಬಂದಾಗ ಅಣ್ಣ ಫೋನ್ ಕೆಳಗಿಟ್ಟು ಸ್ಕ್ರೀನ್ ನೋಡಿದ. ಬಾಡಿಗೆ, ಸಂಬಳ, ಇಎಂಐ ಬಿಟ್ಟು ಮಿಕ್ಕಿದ್ದು ತಿಂಗಳಿಗೆ 24,500 ರೂಪಾಯಿ ಚಿಲ್ಲರೆ. ಅವನು ಅಂದುಕೊಂಡಿದ್ದರ ಮೂರು ಪಟ್ಟು.

ಇಲ್ಲಿಂದ ಮುಂದೆ ಎಲ್ಲರೂ ಮಾಡುವುದು ಶೀಟನ್ನ ದೊಡ್ಡ ಮೊತ್ತದಿಂದ ಸಣ್ಣದಕ್ಕೆ ಜೋಡಿಸಿ ಮೇಲಿನಿಂದ ಕತ್ತರಿಸುವುದು. ಕಂಪನಿಗೆ ಅದು ಸರಿ ಇರಬಹುದು. ಎರಡೇ ತಿಂಗಳ ಬರಗಾಲ ದಾಟಬೇಕಾದ ಅಂಗಡಿಗೆ ಅದು ಸರಿಯಲ್ಲ. ಇವತ್ತು "ಬೇಡ" ಅಂದರೆ ಯಾವ ತಾರೀಖಿನಿಂದ ನಿಜವಾಗಿ ದುಡ್ಡು ಹೋಗುವುದು ನಿಲ್ಲುತ್ತದೆ ಅನ್ನೋದೇ ಇಲ್ಲಿ ಮುಖ್ಯ. ಮದುವೆ ಫೋಟೋಗ್ರಾಫರ್‌ಗಳ ಪಟ್ಟಿ ಹಾಕುವ ಒಂದು ವೆಬ್‌ಸೈಟ್‌ಗೆ ಅಣ್ಣ ವರ್ಷಕ್ಕೆ 36,000 ಕಟ್ಟುತ್ತಿದ್ದ. ತಿಂಗಳಿಗೆ 3,000 ಅಂತ ಪಟ್ಟಿಯಲ್ಲಿ ಮೇಲೇ ಕಾಣುತ್ತದೆ. ಆದರೆ ಆ ಹಣ ಸೆಪ್ಟೆಂಬರ್‌ವರೆಗೆ ಆಗಲೇ ಕಟ್ಟಿ ಆಗಿದೆ. ಇವತ್ತು ನಿಲ್ಲಿಸಿದರೆ ಆಷಾಢದಲ್ಲಿ ಉಳಿಯುವುದು ಸೊನ್ನೆ. ಅದೇ 590 ರೂಪಾಯಿಯ ಸ್ವೈಪ್ ಮೆಷಿನ್ ಬಾಡಿಗೆ ಮುಂದಿನ ತಿಂಗಳೇ ನಿಲ್ಲುತ್ತದೆ.

ಹಾಗಾಗಿ F ಅಂತ ಇನ್ನೊಂದು ಕಾಲಂ ಸೇರಿಸಿ, ನಿಲ್ಲಲು ಇನ್ನು ಎಷ್ಟು ತಿಂಗಳು ಬೇಕು ಅಂತ ಬರೆದೆ. ತಕ್ಷಣ ಆದರೆ 0, ಒಂದು ತಿಂಗಳು ಬೇಕಾದರೆ 1. ಜುಲೈ, ಆಗಸ್ಟ್ ಎರಡು ತಿಂಗಳಲ್ಲಿ ನಿಜವಾಗಿ ಉಳಿಯುವುದು ಇಷ್ಟು:

```
=E2*MAX(0,2-F2)
```

ಈ ಕಾಲಂ ಪ್ರಕಾರ ಜೋಡಿಸಿದ ಮೇಲೆ ಪಟ್ಟಿಯ ಮುಖವೇ ಬದಲಾಯಿತು.

ತಕ್ಷಣ ನಿಂತದ್ದು ಐದು. ಸಂಗೀತದ ಚಂದಾ 1,450. ಓಟಿಟಿ, ಕ್ರೆಡಿಟ್ ಸ್ಕೋರ್ ತೋರಿಸುವ ಆ್ಯಪ್ ಹೀಗೆ ಸ್ಟುಡಿಯೋಗೆ ಸಂಬಂಧವೇ ಇಲ್ಲದೆ ಅದೇ ಖಾತೆಯಿಂದ ಹೋಗುತ್ತಿದ್ದದ್ದು ಸುಮಾರು 900. ಸ್ವೈಪ್ ಮೆಷಿನ್ 590. ಕರೆಂಟ್ ಅಕೌಂಟ್‌ನಲ್ಲಿ ಸರಾಸರಿ ಬ್ಯಾಲೆನ್ಸ್ ಕಡಿಮೆಯಾಗಿದ್ದಕ್ಕೆ ಬೀಳುತ್ತಿದ್ದ ದಂಡ 590. ಎರಡನೇ ಪೋಸ್ಟ್‌ಪೇಡ್ ಸಿಮ್ 471. ಸೇರಿಸಿದರೆ ತಿಂಗಳಿಗೆ 4,000. ಒಂದೊಂದರ ಹಿಂದೆಯೂ ಒಂದೊಂದು ಕಥೆ ಇದೆ, ಎಲ್ಲಾ ಹೇಳಲು ಹೋಗುವುದಿಲ್ಲ. ಮೂರು ವಿಷಯ ಮಾತ್ರ ಹೇಳಲೇಬೇಕು.

ಮೊದಲನೆಯದು ಆಟೋಪೇ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಚಂದಾ ನಿಲ್ಲುವುದಿಲ್ಲ. ಒಪ್ಪಿಗೆ ಕೊಟ್ಟಿರುವುದು ಬ್ಯಾಂಕಿಗೆ, ಫೋನಿಗಲ್ಲ. ಆ ಒಪ್ಪಿಗೆ, ಅಂದರೆ ಮ್ಯಾಂಡೇಟ್, ಬೇರೆ ಬೇರೆ ಜಾಗದಲ್ಲಿ ಕೂತಿರುತ್ತದೆ. ಯುಪಿಐನಲ್ಲಿ ಕೊಟ್ಟಿದ್ದರೆ ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲಿ ನೋಡಬೇಕು. 2025ರ ಆ ಹೊತ್ತಿಗೆ ಎರಡು ಮೂರು ಯುಪಿಐ ಆ್ಯಪ್ ಇದ್ದರೆ ಪ್ರತಿಯೊಂದನ್ನೂ ತೆರೆಯಬೇಕಿತ್ತು. ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿನ ಸೈಟ್‌ನಲ್ಲಿ ಸಿಗುತ್ತದೆ. ಇಎಂಐ, ಇನ್ಶೂರೆನ್ಸ್‌ನಂಥದ್ದು ನ್ಯಾಚ್ ಮೂಲಕ, ಅದು ನೆಟ್‌ಬ್ಯಾಂಕಿಂಗ್‌ನಲ್ಲಿ ಇಲ್ಲವೇ ಬ್ರಾಂಚ್‌ನಲ್ಲಿ. ಫೋನಿನ ಆ್ಯಪ್ ಸ್ಟೋರ್ ಮೂಲಕ ಹೋಗುವ ಚಂದಾಗಳು ಆ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ಪುಟದಲ್ಲಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಾರ್ಡ್, ಯುಪಿಐ ಮ್ಯಾಂಡೇಟ್‌ಗಳಲ್ಲಿ ಹಣ ಕಟ್ ಆಗುವ ಕನಿಷ್ಠ 24 ಗಂಟೆ ಮುಂಚೆ ಮೆಸೇಜ್ ಬರಬೇಕು, ಬರುತ್ತದೆ ಕೂಡ. ನಾವು ಓದುವುದಿಲ್ಲ, ಅಷ್ಟೇ. ಎಸ್ಸೆಮ್ಮೆಸ್ ಇನ್‌ಬಾಕ್ಸ್‌ನಲ್ಲಿ `mandate` ಅಂತ ಒಮ್ಮೆ ಹುಡುಕಿ ನೋಡಿ. ಅಣ್ಣನ ಫೋನಿನಲ್ಲಿ ಒಂದು ರೂಪಾಯಿ ಟ್ರಯಲ್ ಅಂತ ಶುರುವಾಗಿ ಒಂದೂವರೆ ವರ್ಷದಿಂದ ಓಡುತ್ತಿದ್ದ ಆ್ಯಪ್ ಸಿಕ್ಕಿದ್ದು ಹೀಗೆ.

ಎರಡನೆಯದು ಇದಕ್ಕೆ ತದ್ವಿರುದ್ಧ. ಮ್ಯಾಂಡೇಟ್ ರದ್ದು ಮಾಡಿದ ಮಾತ್ರಕ್ಕೆ ಒಪ್ಪಂದ ರದ್ದಾಗುವುದಿಲ್ಲ. ಓಟಿಟಿಗೆ ಹಣ ಹೋಗದಿದ್ದರೆ ಓಟಿಟಿ ನಿಲ್ಲುತ್ತದೆ, ಕಥೆ ಮುಗಿಯಿತು. ಪೋಸ್ಟ್‌ಪೇಡ್ ಸಿಮ್, ಬ್ರಾಡ್‌ಬ್ಯಾಂಡ್, ಸ್ವೈಪ್ ಮೆಷಿನ್ ಹಾಗಲ್ಲ. ಬಿಲ್ ಏಳುತ್ತಲೇ ಇರುತ್ತದೆ, ಆರು ತಿಂಗಳಾದ ಮೇಲೆ ವಸೂಲಿಯವರ ಫೋನ್ ಬರುತ್ತದೆ. ಮೆಷಿನ್ ವಾಪಸ್ ಕೊಟ್ಟು, ರಿಕ್ವೆಸ್ಟ್ ನಂಬರ್ ಬರೆದುಕೊಂಡು, "ಕ್ಲೋಸ್ ಆಗಿದೆ" ಅನ್ನೋ ಮೆಸೇಜ್ ಬಂದ ಮೇಲೆ ಮ್ಯಾಂಡೇಟ್ ತೆಗೆಯಬೇಕು, ಮೊದಲಲ್ಲ. ಇನ್ಶೂರೆನ್ಸ್ ಮ್ಯಾಂಡೇಟ್ ತೆಗೆದರೆ ಪಾಲಿಸಿಯೇ ಲ್ಯಾಪ್ಸ್ ಆಗುತ್ತದೆ. ಇಎಂಐ ಮ್ಯಾಂಡೇಟನ್ನಂತೂ ಮುಟ್ಟುವ ಹಾಗೇ ಇಲ್ಲ. ಒಂದು ಕಂತು ಬೌನ್ಸ್ ಆದರೆ ಬ್ಯಾಂಕ್ ಒಂದು ಶುಲ್ಕ ಹಾಕುತ್ತದೆ, ಸಾಲ ಕೊಟ್ಟವರು ಇನ್ನೊಂದು ಹಾಕುತ್ತಾರೆ, ಕ್ರೆಡಿಟ್ ರಿಪೋರ್ಟ್‌ನಲ್ಲಿ ಕಲೆ ಬೇರೆ. ಮುಂದಿನ ಕ್ಯಾಮೆರಾ ಸಾಲಕ್ಕೆ ಬಡ್ಡಿ ಜಾಸ್ತಿ ಕೇಳಲು ಅವರಿಗೆ ಅಷ್ಟು ಸಾಕು.

ಮೂರನೆಯದು ಬ್ಯಾಂಕ್ ದಂಡ. ಸೀಸನ್‌ನಲ್ಲಿ ಖಾತೆ ತುಂಬಿರುವಾಗ ಇದು ಬರುವುದಿಲ್ಲ. ದುಡ್ಡು ಇಲ್ಲದಿರುವಾಗಲೇ ಹುಡುಕಿಕೊಂಡು ಬರುತ್ತದೆ. ಅಣ್ಣನ ಖಾತೆಯಲ್ಲಿ ಮೂರು ತಿಂಗಳಿಗೊಮ್ಮೆ ಜಿಎಸ್‌ಟಿ ಸೇರಿ 1,770 ಕಟ್ ಆಗುತ್ತಿತ್ತು. ಅದೇ ಬ್ಯಾಂಕಿನಲ್ಲಿ ಇನ್ನೂ ಕಡಿಮೆ ಬ್ಯಾಲೆನ್ಸ್ ಸಾಕಾಗುವ ಕರೆಂಟ್ ಅಕೌಂಟ್ ಇತ್ತು. ಖಾತೆ ನಂಬರ್ ಬದಲಾಗದೆ ಆ ವಿಧಕ್ಕೆ ಇಳಿಸಿಕೊಡುತ್ತಾರೆ. ಚೆಕ್‌ಬುಕ್ ಸೌಲಭ್ಯ ಸ್ವಲ್ಪ ಕಮ್ಮಿ, ಅಷ್ಟೇ. ಬ್ಯಾಂಕಿನ ತ್ರೈಮಾಸಿಕ ಜುಲೈ 1ಕ್ಕೆ ಶುರುವಾಗುವುದರಿಂದ ಜೂನ್ ತಿಂಗಳಲ್ಲೇ ಅರ್ಜಿ ಕೊಟ್ಟೆವು. ಜುಲೈ ಹತ್ತಕ್ಕೆ ಕೊಟ್ಟಿದ್ದರೆ ಇನ್ನೊಂದು ತ್ರೈಮಾಸಿಕದ ದಂಡ ಬೀಳುವ ಸಾಧ್ಯತೆ ಇತ್ತು.

ಒಂದು ತಿಂಗಳು ತೆಗೆದುಕೊಂಡ ಬಾಬತ್ತುಗಳಲ್ಲಿ ನನಗೆ ಇಷ್ಟವಾದದ್ದು ಕರೆಂಟ್ ಬಿಲ್. ವಾಣಿಜ್ಯ ಸಂಪರ್ಕದ ಬಿಲ್ಲನ್ನ ಯಾರೂ ಪೂರ್ತಿ ಓದುವುದಿಲ್ಲ, ಕೆಳಗಿನ ಮೊತ್ತ ನೋಡಿ ಕಟ್ಟುತ್ತಾರೆ. ಅದರಲ್ಲಿ ಎರಡು ಭಾಗ ಇರುತ್ತದೆ. ಉರಿಸಿದ ಯೂನಿಟ್‌ಗೆ ಒಂದು, ನಿಗದಿತ ಶುಲ್ಕ ಇನ್ನೊಂದು. ನಿಗದಿತ ಶುಲ್ಕ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಇದೆಯೋ ಅದರ ಮೇಲೆ. ಸ್ಟುಡಿಯೋಗೆ ಬೀಗ ಹಾಕಿ ಒಂದು ಬಲ್ಬೂ ಉರಿಸದಿದ್ದರೂ ಅದು ಬರುತ್ತದೆ. ಅಣ್ಣನ ಬಿಲ್‌ನಲ್ಲಿ ಲೋಡ್ 8 ಕಿಲೋವ್ಯಾಟ್ ಅಂತ ಇತ್ತು, ನಿಗದಿತ ಶುಲ್ಕವೇ 1,700 ರೂಪಾಯಿ ಹತ್ತಿರ. ಒಂದು ಎ.ಸಿ., ಎರಡು ಕಂಪ್ಯೂಟರ್, ನಾಲ್ಕು ಲೈಟಿಗೆ ಎಂಟು ಕಿಲೋವ್ಯಾಟ್ ಯಾಕೆ ಅಂತ ವಿಚಾರಿಸಿದರೆ, ಆ ಜಾಗದಲ್ಲಿ ಹಿಂದೆ ಬೇಕರಿ ಇತ್ತಂತೆ. ಓವನ್‌ಗೆ ಅಂತ ತೆಗೆಸಿದ್ದ ಲೋಡ್. ಬೇಕರಿ ಹೋಗಿ ವರ್ಷಗಳೇ ಆದರೂ ಓವನ್‌ನ ದುಡ್ಡು ಅಣ್ಣ ಕಟ್ಟುತ್ತಿದ್ದಾನೆ.

ಲೋಡ್ ಇಳಿಸುವ ಮುಂಚೆ ಇನ್ನೊಂದು ಸಂಖ್ಯೆ ನೋಡಬೇಕು. ಮೀಟರ್ ದಾಖಲಿಸಿದ ಗರಿಷ್ಠ ಬೇಡಿಕೆ, ಬಿಲ್‌ನಲ್ಲಿ `MD` ಅಥವಾ `RMD` ಅಂತ ಇರುತ್ತದೆ. ಆ ತಿಂಗಳಲ್ಲಿ ಅತಿ ಹೆಚ್ಚು ಎಂದರೆ ಎಷ್ಟು ಕಿಲೋವ್ಯಾಟ್ ಒಟ್ಟಿಗೆ ಎಳೆದಿದ್ದೀರಿ ಅನ್ನೋದು ಅದು. ಒಂದು ಬಿಲ್ ನೋಡಿ ತೀರ್ಮಾನ ಮಾಡಬಾರದು. ಮಳೆಗಾಲದ ಬಿಲ್‌ನಲ್ಲಿ ಎ.ಸಿ. ಇರುವುದಿಲ್ಲ. ಹನ್ನೆರಡು ತಿಂಗಳ ಬಿಲ್ ಹರಡಿ ನೋಡಿದಾಗ ಅತಿ ಹೆಚ್ಚು ಬಂದಿದ್ದು ಏಪ್ರಿಲ್‌ನಲ್ಲಿ, 2.9 ಕಿಲೋವ್ಯಾಟ್. ಮೂರಕ್ಕೆ ಇಳಿಸಿದರೆ ಇನ್ನೂ ಉಳಿಯುತ್ತದೆ ಅಂತ ಅಣ್ಣ ಹಟ ಹಿಡಿದ. ಮಂಜೂರಾದ ಲೋಡ್ ದಾಟಿದರೆ ದಾಟಿದ ಭಾಗಕ್ಕೆ ದಂಡದ ದರ ಬೀಳುತ್ತದೆ, ಮತ್ತೆ ಏರಿಸಬೇಕಾದರೆ ಠೇವಣಿ, ಶುಲ್ಕ ಎಲ್ಲಾ ಹೊಸದಾಗಿ ಕಟ್ಟಬೇಕಾಗುತ್ತದೆ. ಅದಕ್ಕೇ 4 ಕಿಲೋವ್ಯಾಟ್ ಅಂತ ನಿಲ್ಲಿಸಿದೆವು. ಸಂಪರ್ಕ ಕಟ್ಟಡದ ಮಾಲೀಕರ ಹೆಸರಿನಲ್ಲಿ ಇರುವುದರಿಂದ ಸೆಸ್ಕ್ ಕಚೇರಿಗೆ ಕೊಡುವ ಅರ್ಜಿಗೆ ಅವರ ಸಹಿ ಬೇಕಾಯಿತು. ಆಗಸ್ಟ್ ಬಿಲ್‌ನಿಂದ ಸುಮಾರು 850 ರೂಪಾಯಿ ಕಡಿಮೆ. ಇದು ಆಷಾಢಕ್ಕೆ ಮಾತ್ರ ಅಲ್ಲ, ಪ್ರತಿ ತಿಂಗಳೂ ಉಳಿಯುವ ದುಡ್ಡು.

ಇನ್ನೊಂದು ಕ್ಲೌಡ್ ಸ್ಟೋರೇಜ್. ಒಂದು ಅಕೌಂಟ್ ತುಂಬಿದಾಗಲೆಲ್ಲ ಹೊಸ ಇಮೇಲ್ ಮಾಡಿ ಇನ್ನೊಂದು ತೆಗೆಯುವುದು ಅಣ್ಣನ ಪದ್ಧತಿ. ಹೀಗೆ 2 ಟಿಬಿಯ ಮೂರು ಅಕೌಂಟ್, ತಲಾ 650, ಒಟ್ಟು 1,950. ಒಳಗೆ ನೋಡಿದರೆ ಹೆಚ್ಚಿನದು ಮೂರು ವರ್ಷದ ಹಿಂದೆ ಗ್ರಾಹಕರಿಗೆ ಕಳಿಸಿದ ಲಿಂಕ್‌ಗಳು. ಮೂಲ ಫೈಲ್ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಆಗಲೇ ಇತ್ತು. ಇಲ್ಲದಿದ್ದರೆ ಈ ಲೆಕ್ಕವೇ ಬೇರೆ. 4 ಟಿಬಿ ಡಿಸ್ಕ್ ಹೊಸದಾಗಿ ಕೊಂಡು ತಿಂಗಳಿಗೆ 1,300 ಉಳಿಸಲು ಹೊರಟರೆ ಡಿಸ್ಕ್‌ನ ದುಡ್ಡು ಹುಟ್ಟುವಷ್ಟರಲ್ಲಿ ಈ ಆಷಾಢ ಯಾವಾಗಲೋ ಮುಗಿದಿರುತ್ತದೆ.

ಡಿಸ್ಕ್‌ನಲ್ಲಿ ಇದೆ ಅಂದುಕೊಳ್ಳುವುದು ಬೇರೆ, ತೆರೆದು ನೋಡುವುದು ಬೇರೆ. ಯಾರದ್ದೋ ಧಾರೆಯ ಫೋಟೋ ಕಳೆದರೆ ಮತ್ತೆ ತೆಗೆಯಲು ಆಗುವುದಿಲ್ಲವಲ್ಲ. ಅಸಿಸ್ಟೆಂಟ್ ಹುಡುಗ ಹನ್ನೆರಡು ದಿನ ಕೂತು ಒಂದೊಂದೇ ಮದುವೆಯ ಫೋಲ್ಡರ್‌ನಲ್ಲಿ ಕ್ಲೌಡ್‌ನಲ್ಲಿ ಎಷ್ಟು ಫೈಲ್, ಎರಡೂ ಡಿಸ್ಕ್‌ನಲ್ಲಿ ಎಷ್ಟು ಅಂತ ತಾಳೆ ನೋಡಿ, ಪ್ರತಿಯೊಂದರಲ್ಲೂ ಹತ್ತಿಪ್ಪತ್ತು ಫೈಲ್ ತೆರೆದು ನೋಡಿದ. ನಾಲ್ಕು ಮದುವೆಗಳಲ್ಲಿ ಒಂದು ಡಿಸ್ಕ್‌ನ ಪ್ರತಿ ಅರ್ಧಕ್ಕೇ ನಿಂತಿತ್ತು. ಅಳಿಸುವ ಮುಂಚೆ ಅದನ್ನ ಸರಿಮಾಡಿದ. ಆಮೇಲೆ ಗ್ರಾಹಕರಿಗೆ "30 ದಿನದೊಳಗೆ ಇಳಿಸಿಕೊಳ್ಳಿ" ಅಂತ ವಾಟ್ಸಾಪ್ ಹೋಯಿತು. ಆ ಮೆಸೇಜ್ ನೋಡಿ ಇಬ್ಬರು, ಹಿಂದೆ ಬೇಡ ಅಂದಿದ್ದ ಆಲ್ಬಮ್ ಈಗ ಮಾಡಿಸಿಕೊಡಿ ಅಂತ ಕೇಳಿದರು. ಅದನ್ನ ನಾವು ಶೀಟ್‌ನಲ್ಲಿ ಹಾಕಿಲ್ಲ, ಹಾಕಿದರೆ ಲೆಕ್ಕ ತೀರಾ ಚೆಂದ ಕಾಣಿಸಿಬಿಡುತ್ತದೆ. ಆಗಸ್ಟ್‌ಗೆ ಎರಡು ಅಕೌಂಟ್ ಮುಚ್ಚಿದೆವು.

ಮುಟ್ಟದೆ ಬಿಟ್ಟದ್ದರಲ್ಲಿ ಒಂದನ್ನ ಹೇಳಬೇಕು. ಎಡಿಟಿಂಗ್ ಸಾಫ್ಟ್‌ವೇರ್ ಎರಡು ಲೈಸೆನ್ಸ್, ತಲಾ 2,100. ಆಷಾಢದಲ್ಲಿ ಒಂದು ಸಾಕು. ಆದರೆ ಅದು ತಿಂಗಳ ಚಂದಾ ಅಲ್ಲ, ವರ್ಷದ ಒಪ್ಪಂದ, ತಿಂಗಳ ಕಂತಿನಲ್ಲಿ ಕಟ್ಟುವುದು. ಎರಡೂ ಬಿಲ್‌ನಲ್ಲಿ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಕ್ಯಾನ್ಸಲ್ ಒತ್ತಿದಾಗ. ನವೆಂಬರ್ ಕೊನೆಯವರೆಗೆ ಐದು ತಿಂಗಳು ಬಾಕಿ, 10,500. ನಡುವೆ ಬಿಟ್ಟರೆ ಉಳಿದ ಮೊತ್ತದ ಅರ್ಧ, 5,250, ಒಂದೇ ಸಲ ಕಟ್ಟಬೇಕು ಅಂತ ಸ್ಕ್ರೀನ್ ತೋರಿಸಿತು. ಕಾಗದದ ಮೇಲೆ ಐದು ತಿಂಗಳಲ್ಲಿ 5,250 ಲಾಭ. ಆದರೆ ಆ ಅರ್ಧ ಹೋಗುವುದು ಜೂನ್‌ನಲ್ಲಿ, ಅದು ವಾಪಸ್ ಹುಟ್ಟಲು ಎರಡೂವರೆ ತಿಂಗಳು ಬೇಕು. ಅಂದರೆ ಜುಲೈ, ಆಗಸ್ಟ್ ಎರಡರಲ್ಲೂ ಸೇರಿ ಕೈಗೆ ಬರುವುದು ಏನೂ ಇಲ್ಲ, 1,050 ರೂಪಾಯಿ ಹೆಚ್ಚೇ ಹೋಗುತ್ತದೆ. ತುಳಸಿ ಹಬ್ಬ ಮುಗಿದು ಮದುವೆ ಶುರುವಾದ ಮೇಲೆ ಎರಡನೇ ಲೈಸೆನ್ಸ್ ಬೇಕೇ ಬೇಕು. ಬಿಟ್ಟೆವು. ಕ್ಯಾಮೆರಾ ಇನ್ಶೂರೆನ್ಸ್, ಅಕೌಂಟೆಂಟ್ ಫೀಸ್, ಡೊಮೇನ್ ಹೆಸರು ಇವನ್ನೂ ಮುಟ್ಟಲಿಲ್ಲ. ಡೊಮೇನ್ ಕೈಬಿಟ್ಟರೆ ಅದರ ಮೇಲಿರುವ ಇಮೇಲ್ ಕೂಡ ಹೋಗುತ್ತದೆ ಅನ್ನೋದು ಹಲವರಿಗೆ ಹೊಳೆಯುವುದಿಲ್ಲ. ದುಡ್ಡು ಬಂತು ಅಂತ ಕೂಗುವ ಸೌಂಡ್‌ಬಾಕ್ಸ್‌ಗೆ ತಿಂಗಳಿಗೆ 125. ಅದೂ ಇರಲಿ ಅಂದ ಅಣ್ಣ. ಆಷಾಢದಲ್ಲಿ ಆ ಸದ್ದು ಒಂದಾದರೂ ಕೇಳಲಿ ಅಂತ.

ಹಾಗಾದರೆ ಎಷ್ಟಾಯಿತು? ಜುಲೈನಲ್ಲಿ 4,000, ಆಗಸ್ಟ್‌ನಲ್ಲಿ ಅದರ ಜೊತೆಗೆ ಕರೆಂಟು, ಸ್ಟೋರೇಜ್ ಸೇರಿ 6,150. ಎರಡು ತಿಂಗಳಿಗೆ 10,150. ಹುಡುಗನ ಸಂಬಳ 32,000. ಮೂರನೇ ಒಂದು ಭಾಗವೂ ಆಗಲಿಲ್ಲ. ಮನೆ ಖರ್ಚಿನಂತೆ ಅಂಗಡಿ ಖರ್ಚಿನಲ್ಲೂ ಚಂದಾಗಳನ್ನ ಕತ್ತರಿಸಿದರೆ ಎಲ್ಲಾ ಸರಿಹೋಗುತ್ತದೆ ಅನ್ನುವ ವಿಡಿಯೋಗಳನ್ನ ನಾನು ನಂಬುವುದಿಲ್ಲ. ಭಾರ ಇರುವುದು ಬಾಡಿಗೆ, ಸಂಬಳ, ಇಎಂಐನಲ್ಲಿ. ಅಲ್ಲಿ ಮಾತಾಡದೆ ದಾರಿ ಇಲ್ಲ.

ಸಹಿಗೆ ಅಂತ ಹೋದಾಗ ಮಾಲೀಕರ ಹತ್ತಿರ ಬಾಡಿಗೆಯ ಮಾತೂ ತೆಗೆದೆವು. ಅತ್ತಿಗೆ ಮುಂಚೆಯೇ ಹೇಳಿದ್ದರು, "ಕಮ್ಮಿ ಮಾಡಿ ಅಂತ ಕೇಳಬೇಡಿ. ಒಂದು ಸಲ ಇಳಿದ ಬಾಡಿಗೆ ಮತ್ತೆ ಏರೋದಿಲ್ಲ ಅನ್ನೋ ಭಯ ಅವರಿಗೆ ಇರುತ್ತೆ." ಅದು ನಿಜ. ಹಾಗಾಗಿ ಕೇಳಿದ್ದು ಬೇರೆ ಎರಡು ವಿಷಯ. ಕರಾರಿನ ಪ್ರಕಾರ ಜುಲೈನಿಂದ ಶೇ. 5 ಏರಿಕೆ, ತಿಂಗಳಿಗೆ 1,100. ಅದನ್ನ ನವೆಂಬರ್‌ಗೆ ಮುಂದೂಡಿ ಅಂತ ಒಂದು. ಮಾಲೀಕರ ಹತ್ತಿರ ಹತ್ತು ತಿಂಗಳ ಬಾಡಿಗೆಯಷ್ಟು, 2,20,000, ಅಡ್ವಾನ್ಸ್ ಬಡ್ಡಿ ಇಲ್ಲದೆ ಇದೆ. ಜುಲೈ, ಆಗಸ್ಟ್‌ನಲ್ಲಿ ಅರ್ಧ ಬಾಡಿಗೆ ಅದರಿಂದ ಹಿಡಿದುಕೊಳ್ಳಿ, ದೀಪಾವಳಿಗೆ ಅಡ್ವಾನ್ಸ್ ತುಂಬಿಸಿಕೊಡುತ್ತೇವೆ ಅಂತ ಇನ್ನೊಂದು. "ಹನ್ನೊಂದು ವರ್ಷದಿಂದ ಒಂದು ತಿಂಗಳೂ ತಪ್ಪಿಸಿಲ್ಲ ನೀವು. ಆಯ್ತು, ಬರೆದು ಕೊಡಿ ಸಾರ್" ಅಂದರು. ಒಂದು ಹಾಳೆಯಲ್ಲಿ ತಾರೀಖು, ಮೊತ್ತ, ಯಾವಾಗ ತುಂಬಿಸುವುದು ಎಲ್ಲಾ ಬರೆದು ಇಬ್ಬರೂ ಸಹಿ ಹಾಕಿದರು. ಬಾಯಿಮಾತಿನಲ್ಲಿ ಬಿಟ್ಟರೆ ನಾಳೆ ಜಾಗ ಖಾಲಿ ಮಾಡುವಾಗ ಆ 22,000 ಬಾಡಿಗೆ ಬಾಕಿ ಅಂತ ತಿರುಗಿ ನಿಲ್ಲಬಹುದು.

ಶೀಟ್‌ನಲ್ಲಿ ಇವೆರಡನ್ನ ಬೇರೆ ಬೇರೆ ಬಣ್ಣದಲ್ಲಿ ಹಾಕಿದೆ. ಏರಿಕೆ ಮುಂದೂಡಿದ್ದು ಉಳಿತಾಯ. ಎರಡು ತಿಂಗಳಿಗೆ 2,200, ಹಿಂದಿನದರ ಜೊತೆ ಸೇರಿ 12,350. ಅಡ್ವಾನ್ಸ್‌ನಿಂದ ಹಿಡಿದದ್ದು ಉಳಿತಾಯವೇ ಅಲ್ಲ, ಅದು ಅಕ್ಟೋಬರ್‌ನ ದುಡ್ಡನ್ನ ಜುಲೈಗೆ ಎಳೆದುಕೊಂಡದ್ದು, ಬಡ್ಡಿ ಇಲ್ಲದ ಸಾಲ. ಎರಡನ್ನೂ ಒಂದೇ ಮೊತ್ತದಲ್ಲಿ ಕೂಡಿಸಿದರೆ ದೀಪಾವಳಿ ಹೊತ್ತಿಗೆ 22,000 ಎಲ್ಲಿಂದ ಬರುತ್ತದೆ ಅನ್ನೋದು ಮರೆತುಹೋಗುತ್ತದೆ. ಅಕ್ಟೋಬರ್ ಸಾಲಿನಲ್ಲಿ ಅದನ್ನ ಖರ್ಚಾಗಿ ಅವತ್ತೇ ಬರೆದಿಟ್ಟೆವು.

ಕೈಗೆ ಬಂದ ನಗದು ಒಟ್ಟು 34,350. ಹುಡುಗ ಊರಿಗೆ ಹೋಗಲಿಲ್ಲ. ಹೇಗೂ ಆ ಹನ್ನೆರಡು ದಿನದ ಡಿಸ್ಕ್ ಕೆಲಸ ಅವನಿಲ್ಲದೆ ಆಗುತ್ತಲೂ ಇರಲಿಲ್ಲ. ಆಗಸ್ಟ್‌ನಲ್ಲಿ ಎರಡನೇ ಬ್ರಾಡ್‌ಬ್ಯಾಂಡ್‌ನ ಆರು ತಿಂಗಳ ಮುಂಗಡ ಮುಗಿಯಿತು, ಮತ್ತೆ ಕಟ್ಟಲಿಲ್ಲ. ಇಂಟರ್ನೆಟ್ ಹೋದ ದಿನ ಫೋನ್ ಹಾಟ್‌ಸ್ಪಾಟ್ ಸಾಕು. ಸೆಪ್ಟೆಂಬರ್‌ನಲ್ಲಿ ಆ 36,000ದ ಪಟ್ಟಿಯ ಸರದಿ ಬಂತು. ಅದರಿಂದ ವರ್ಷದಲ್ಲಿ ಬುಕ್ ಆದ ಮದುವೆ ಮೂರು. ಒಂದು ಮದುವೆಗೆ 12,000 ಕೊಟ್ಟ ಹಾಗಾಯಿತು ಅಂತ ಅಣ್ಣನೇ ಭಾಗಿಸಿ ನೋಡಿ, ಅದರಲ್ಲಿದ್ದ ಅತಿ ಸಣ್ಣ ಪ್ಯಾಕೇಜಿಗೆ ಇಳಿದ.

ಶೀಟ್ ಈಗಲೂ ಇದೆ. ಅದರಲ್ಲಿ ಕೊನೆಗೆ ಸೇರಿಸಿದ್ದು ರಿನ್ಯೂವಲ್ ತಾರೀಖಿನ ಕಾಲಂ. ಪ್ರತಿಯೊಂದಕ್ಕೂ 15 ದಿನ ಮುಂಚೆ ಅಣ್ಣನ ಫೋನಿನಲ್ಲಿ ರಿಮೈಂಡರ್ ಬಾರಿಸುತ್ತದೆ. ಮೇಲ್ಗಡೆ ಒಂದು ಸಾಲಿನಲ್ಲಿ ಮುಂದಿನ ಖಾಲಿ ದಿನಗಳನ್ನೂ ಪಂಚಾಂಗ ನೋಡಿ ಬರೆದಿದ್ದೇವೆ. ಮೊದಲು ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಆಮೇಲೆ 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಮೇ ತಿಂಗಳ ಎರಡನೇ ಅರ್ಧ ಅಂದರೆ ಸಾಮಾನ್ಯವಾಗಿ ಅಣ್ಣನಿಗೆ ಊಟಕ್ಕೂ ಪುರುಸೊತ್ತಿಲ್ಲದ ಕಾಲ. ಅದಾದ ಮೇಲೆ ಒಂದು ತಿಂಗಳು ನಿಜ ಜ್ಯೇಷ್ಠ, ಮತ್ತೆ ಆಷಾಢ. ಆ ವರ್ಷದ ಶೀಟನ್ನ ಏಪ್ರಿಲ್‌ನಲ್ಲೇ ತೆರೆಯಬೇಕು ಅಂತ ಅದರ ಪಕ್ಕದಲ್ಲಿ ಅಣ್ಣ ಕೆಂಪು ಬಣ್ಣದಲ್ಲಿ ಬರೆದುಕೊಂಡಿದ್ದಾನೆ.